ನಿಮಗಿದು ಗೊತ್ತೇ? ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಮೈಲಿಗಲ್ಲು: ಎಷ್ಟು ಬರೆಯಬೇಕು, ಎಲ್ಲಿ ಸಾಲು ಮುರಿಯಬೇಕು

ಜಾಗ ಮೂರು ಸಾವಿರ, ಕಾಣುವುದು ಮೂರು ಸಾಲು
ಲಿಂಕ್ಡ್‌ಇನ್ ಪೋಸ್ಟಿನಲ್ಲಿ 3,000 ಅಕ್ಷರಗಳವರೆಗೆ ಬರೆಯಬಹುದು. 2021ಕ್ಕೆ ಮೊದಲು ಈ ಮಿತಿ ಇದಕ್ಕಿಂತ ಕಡಿಮೆ ಇತ್ತು. ಆದರೆ ಫೀಡ್ ನೋಡುತ್ತ ಹೋಗುವವರಿಗೆ ಮೊದಲು ಕಾಣುವುದು ಸುಮಾರು ಮೂರು ಸಾಲು ಮಾತ್ರ. ಮೊಬೈಲಿನಲ್ಲಿ ಅದು 140 ಅಕ್ಷರಗಳ ಆಸುಪಾಸು, ಕಂಪ್ಯೂಟರಿನಲ್ಲಿ 200ರ ಆಸುಪಾಸು. ಉಳಿದದ್ದೆಲ್ಲ `…more` ಎಂಬ ಗುಂಡಿಯ ಹಿಂದೆ ಅಡಗಿರುತ್ತದೆ. ಹಾಗಾಗಿ ‘ಎಷ್ಟುದ್ದ ಬರೆಯಲಿ?’ ಎಂದು ಕೇಳುವ ಮೊದಲು ‘ಆ ಮೂರು ಸಾಲಿನಲ್ಲಿ ಏನಿದೆ?’ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಬರಹ ಮೇಲೆ, ಚಿತ್ರ ಕೆಳಗೆ
ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲು ಫೋಟೊ, ಅದರ ಕೆಳಗೆ ಬರಹ. ಲಿಂಕ್ಡ್‌ಇನ್‌ನಲ್ಲಿ ಇದು ತಿರುವುಮುರುವು. ಓದುಗರು ಫೋಟೊ ನೋಡುವ ಮುಂಚೆಯೇ ನಿಮ್ಮ ಮೊದಲ ಸಾಲನ್ನು ಓದಿರುತ್ತಾರೆ. ‘ಈ ಚಿತ್ರದಲ್ಲಿ ಕಾಣುತ್ತಿರುವಂತೆ’ ಎಂದು ಶುರು ಮಾಡಿದರೆ ಅವರು ಇನ್ನೂ ನೋಡದ ಚಿತ್ರದ ಬಗ್ಗೆ ಹೇಳಿದಂತಾಗುತ್ತದೆ. ಸುದ್ದಿಯನ್ನು ಮೊದಲ ಸಾಲೇ ಹೇಳಬೇಕು, ಫೋಟೊ ಅದಕ್ಕೆ ಸಾಕ್ಷಿಯಾಗಬೇಕು.

‘ಹೆಮ್ಮೆಯಾಗುತ್ತಿದೆ’ ಎನ್ನಲು 94 ಅಕ್ಷರ
‘ನಮ್ಮ ಸಂಸ್ಥೆಯು ಇಂದು ಒಂದು ಮಹತ್ವದ ಮೈಲಿಗಲ್ಲನ್ನು ತಲುಪಿದೆ ಎಂದು ತಿಳಿಸಲು ನಮಗೆ ಅತ್ಯಂತ ಹೆಮ್ಮೆಯಾಗುತ್ತಿದೆ.’ ಅನೇಕ ಕಂಪನಿಗಳ ಪೋಸ್ಟ್ ಹೀಗೇ ಆರಂಭವಾಗುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ, ಖಾಲಿ ಜಾಗವೂ ಸೇರಿ, ಇದು 94 ಅಕ್ಷರ. ಮೊಬೈಲಿನಲ್ಲಿ ಸಿಗುವ ಜಾಗದ ಮೂರನೇ ಎರಡು ಭಾಗ ಮುಗಿದರೂ ಯಾವ ಮೈಲಿಗಲ್ಲು ಎಂಬುದೇ ತಿಳಿದಿಲ್ಲ. ಇದರ ಬದಲು ‘ಇವತ್ತು ನಮ್ಮ 50,000ನೇ ಪಂಪು ಪೀಣ್ಯದಿಂದ ಹಾವೇರಿಗೆ ಹೊರಟಿತು.’ ಎಂದು ಬರೆದರೆ 53 ಅಕ್ಷರ. ಎಷ್ಟು, ಏನು, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲೇ ಬಂತು. ಹೆಮ್ಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಣ್ಣಿಗೆ ನಾಲ್ಕು, ಲೆಕ್ಕಕ್ಕೆ ಎಂಟು
ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಮಾತಿದು. ‘ಬೆಂಗಳೂರು’ ಎಂಬಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ಗುಣಿತದ ಗುರುತು, ಸೊನ್ನೆ ಎಲ್ಲವೂ ಬೇರೆಬೇರೆ ಎಣಿಕೆಯಾಗುವುದರಿಂದ ಅದು ಎಂಟು. ಒತ್ತಕ್ಷರ ಹೆಚ್ಚಾದಷ್ಟೂ ಲೆಕ್ಕ ಏರುತ್ತದೆ: ‘ಸ್ತ್ರೀ’ ಎಂಬ ಒಂದೇ ಅಕ್ಷರ ಅಲ್ಲಿ ಆರಾಗುತ್ತದೆ. ಆದ್ದರಿಂದ ಬೆರಳಿನಲ್ಲಿ ಎಣಿಸಿ ಸಮಾಧಾನಪಡಬೇಡಿ. ಕರಡನ್ನು ಮೊಬೈಲಿಗೆ ಕಳಿಸಿಕೊಂಡು, ಅಲ್ಲಿ ಮೊದಲ ವಾಕ್ಯ ಎರಡು ಸಾಲಿನೊಳಗೆ ಮುಗಿಯುತ್ತದೆಯೇ ನೋಡಿ.

ಖಾಲಿ ಸಾಲೂ ಒಂದು ಸಾಲೇ
ಒಂದು ಸಾಲು ಬರೆದು, ಒಂದು ಸಾಲು ಖಾಲಿ ಬಿಟ್ಟು, ಮತ್ತೊಂದು ಬರೆದಿರಿ. ಕಾಣುವ ಮೂರೂ ಸಾಲು ಅಲ್ಲಿಗೆ ಮುಗಿದವು. ಅಕ್ಷರ ಇನ್ನೂ ಎಷ್ಟೇ ಉಳಿದಿದ್ದರೂ `…more` ಅಲ್ಲೇ ಬಂದು ಕೂರುತ್ತದೆ. ‘ನಮಸ್ಕಾರ!’ ಎಂದು ಬರೆದು ಕೆಳಗೆ ಖಾಲಿ ಬಿಡುವವರು ಮೂರರಲ್ಲಿ ಎರಡು ಸಾಲನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಮೊದಲ ಸಾಲು ಗಟ್ಟಿಯಾಗಿದ್ದರೆ ಮಾತ್ರ ಅದರ ಕೆಳಗೆ ಖಾಲಿ ಸಾಲು ಬಿಡಿ. ಖಾಲಿ ಸಾಲಿನ ನಂತರ ಕಾಣುವ ನಾಲ್ಕಾರು ಪದಗಳು ಹೊಸದೊಂದನ್ನು ಹೇಳಲು ಹೊರಟಿರಲಿ.

ಐದು ತುಂಡು ಸಾಕು
ಪೀಣ್ಯದಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಅದರ ಬರಹ ಹೀಗಿರಬಹುದು:

> ಇವತ್ತು ನಮ್ಮ 50,000ನೇ ಪಂಪು ಪೀಣ್ಯದಿಂದ ಹಾವೇರಿಗೆ ಹೊರಟಿತು.
>
> 2014ರಲ್ಲಿ ಎರಡು ಲೇಥು, ಐದು ಜನ. ಮೊದಲ ವರ್ಷ ಮಾರಿದ್ದು 312 ಪಂಪು.
>
> 2019ರಲ್ಲಿ ಸೀಲ್ ಸೋರುತ್ತಿದೆ ಎಂಬ ದೂರು ಬಂದಾಗ 400 ಪಂಪು ವಾಪಸ್ ತರಿಸಿ ಬಿಚ್ಚಿ ಜೋಡಿಸಿದೆವು. ಇವತ್ತಿನ ಸೀಲ್ ಆ ವರ್ಷದ ಪಾಠ.
>
> ಅಂದು ಲೇಥಿನ ಮುಂದೆ ನಿಂತಿದ್ದ ಐವರಲ್ಲಿ ನಾಲ್ವರು ಇವತ್ತೂ ನಮ್ಮೊಡನಿದ್ದಾರೆ. ಈ ಪಂಪನ್ನು ಪ್ಯಾಕ್ ಮಾಡಿದ್ದೂ ಅವರೇ.
>
> ಮುಂದಿನ ಕೆಲಸ: ಹಾವೇರಿ, ಗದಗದಲ್ಲಿ ಸರ್ವಿಸ್ ಕೇಂದ್ರ.

ಸುದ್ದಿ, ಆರಂಭ, ಕಷ್ಟದ ಒಂದು ತಿರುವು, ಜನ, ಮುಂದಿನ ಹೆಜ್ಜೆ: ಪ್ರತಿ ತುಂಡಿಗೂ ಒಂದೇ ಕೆಲಸ. ಕೆಲಸ ಬದಲಾದ ಕಡೆಯೇ ಸಾಲು ಮುರಿದಿದೆ. ಎಲ್ಲ ಸೇರಿ ಸುಮಾರು 365 ಅಕ್ಷರ, ಅಂದರೆ ಮಿತಿಯ ಎಂಟನೇ ಒಂದು ಭಾಗ. ಗ್ರಾಹಕರ ಒಂದು ಪ್ರಸಂಗವನ್ನೋ ಕೆಲಸಗಾರರ ಹೆಸರುಗಳನ್ನೋ ಸೇರಿಸಿದರೆ 700–800ಕ್ಕೆ ಹೋಗಬಹುದು. ಸಾವಿರ ದಾಟುತ್ತಿದ್ದರೆ ಸಾಮಾನ್ಯವಾಗಿ ಒಂದರಲ್ಲಿ ಎರಡು ಸುದ್ದಿ ಸೇರಿಕೊಂಡಿರುತ್ತದೆ. ಎರಡನೆಯದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಸಾಲಿಗೊಂದು ವಾಕ್ಯ: ಆ ಕಾಲ ಹೋಯಿತು
ಪ್ರತಿ ವಾಕ್ಯದ ನಂತರವೂ ಖಾಲಿ ಸಾಲು ಬಿಡುವ ಶೈಲಿ 2017ರ ಹೊತ್ತಿಗೆ ಲಿಂಕ್ಡ್‌ಇನ್ ತುಂಬ ಹರಡಿತ್ತು. ಓದುಗರು `…more` ಒತ್ತಲಿ ಎಂಬುದೇ ಅದರ ಗುರಿ. ಓದುಗರು ಪೋಸ್ಟಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನೂ ಫೀಡಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿ ಲಿಂಕ್ಡ್‌ಇನ್ ಎಂಜಿನಿಯರುಗಳು 2020ರಲ್ಲಿ ಬರೆದರು. ಗುಂಡಿ ಒತ್ತಿ, ಒಳಗೆ ಏನೂ ಸಿಗದೆ ಮುಂದೆ ಸಾಗುವವರಿಂದ ಪೋಸ್ಟಿಗೆ ಲಾಭವಿಲ್ಲ. ತುಂಡಿಗೆ ಒಂದರಿಂದ ಮೂರು ವಾಕ್ಯ ಇದ್ದರೆ ಉಸಿರಿಗೂ ಜಾಗ, ಅರ್ಥಕ್ಕೂ ಜಾಗ.

ಪಿಡಿಎಫ್‌ನಿಂದ ತಂದ ಸಾಲು ನಡುವೆ ಮುರಿಯುತ್ತದೆ
ಪಿಡಿಎಫ್ ಪತ್ರಿಕಾ ಪ್ರಕಟಣೆಯಿಂದ ಕಾಪಿ ಮಾಡಿದಾಗ, ಪುಟದ ಅಂಚಿಗೆ ಸಾಲು ಮುಗಿದ ಕಡೆಯೆಲ್ಲ ಒಂದು ಎಂಟರ್ ಅಡಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಅಂದವಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಒಂದು ಉದ್ದ ಸಾಲು, ಅದರ ಕೆಳಗೆ ಎರಡೇ ಪದದ ಸಾಲು, ಹೀಗೆ ಹಲ್ಲು ಬಿದ್ದಂತಾಗುತ್ತದೆ. ಪತ್ತೆ ಹಚ್ಚುವುದು ಸುಲಭ. ಬರಹವನ್ನು ನೋಟ್‌ಪ್ಯಾಡಿಗೆ ಹಾಕಿ, ಕಿಟಕಿಯನ್ನು ಹಿಗ್ಗಿಸಿ. ಸಾಲುಗಳು ಬಲಕ್ಕೆ ಹರಡಿಕೊಳ್ಳದೆ ಅದೇ ಜಾಗದಲ್ಲಿ ತುಂಡಾಗಿ ನಿಂತರೆ ಎಂಟರ್ ಅಡಗಿದೆ ಎಂದೇ ಅರ್ಥ. ಒಂದೊಂದಾಗಿ ಅಳಿಸಿ, ಆಮೇಲೆ ಪೋಸ್ಟಿಗೆ ಹಾಕಿ.

ದಪ್ಪ ಅಕ್ಷರ ಅಕ್ಷರವೇ ಅಲ್ಲ
ಪೋಸ್ಟ್ ಬರೆಯುವ ಪೆಟ್ಟಿಗೆಯಲ್ಲಿ ಬೋಲ್ಡ್ ಗುಂಡಿ ಇಲ್ಲ. ಕೆಲವು ಪೋಸ್ಟುಗಳಲ್ಲಿ ಕಾಣುವ ದಪ್ಪ ಇಂಗ್ಲಿಷ್ ಅಕ್ಷರಗಳು ಯೂನಿಕೋಡ್‌ನ ಗಣಿತ ಚಿಹ್ನೆಗಳು. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಪದವಾಗಿ ಓದದೆ ತಡವರಿಸಬಹುದು ಅಥವಾ ಬಿಟ್ಟೇಬಿಡಬಹುದು. ಕನ್ನಡಕ್ಕಂತೂ ಅಂಥ ಚಿಹ್ನೆಗಳೇ ಇಲ್ಲ. ಒಂದು ಮಾತಿಗೆ ಒತ್ತು ಬೇಕಿದ್ದರೆ ಅದನ್ನು ಒಂಟಿ ಸಾಲಾಗಿ ನಿಲ್ಲಿಸಿ, ಮೇಲೆ ಕೆಳಗೆ ಖಾಲಿ ಬಿಡಿ. ಒಂದು ಬರಹದಲ್ಲಿ ಒಮ್ಮೆ ಮಾತ್ರ.

ಸಾಲು ತಿದ್ದಬಹುದು, ಫೋಟೊ ಬದಲಿಸಲಾಗದು
ಪೋಸ್ಟ್ ಹಾಕಿದ ಮೇಲೆ ಬರಹವನ್ನು ತಿದ್ದಬಹುದು. ‘Edited’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಫೋಟೊ ತಪ್ಪಿದ್ದರೆ ಮಾತ್ರ ಪೋಸ್ಟನ್ನೇ ಅಳಿಸಿ ಮತ್ತೆ ಹಾಕಬೇಕು. ಬಂದ ಮೆಚ್ಚುಗೆ, ಕಾಮೆಂಟುಗಳೆಲ್ಲ ಹೋಗುತ್ತವೆ. ಹಾಗಾಗಿ ಫೋಟೊವನ್ನು ಹಾಕುವ ಮೊದಲೇ ಎರಡು ಸಲ ನೋಡಿ. ಹಾಕಿದ ಕೂಡಲೇ ಇನ್ನೊಬ್ಬರ ಮೊಬೈಲಿನಲ್ಲಿ ಪೋಸ್ಟ್ ತೆರೆಸಿ, `…more` ಎಲ್ಲಿ ಬಂದಿದೆ ಎಂದು ನೋಡಿ. 50,000 ಎಂಬ ಅಂಕಿ ಅದಕ್ಕಿಂತ ಮೇಲಿದ್ದರೆ ಸರಿ. ಕೆಳಗೆ ಜಾರಿದ್ದರೆ ಆಗಲೇ ಮೊದಲ ಸಾಲನ್ನು ತಿದ್ದಿಬಿಡಿ.