‘ಯಾರಿಗೂ ಓಟಿಪಿ ಹೇಳಬೇಡಿ’ ಅಂದ್ರೆ ಅಜ್ಜ ಯಾಕೆ ನಂಬಲ್ಲ?

ನಮ್ಮ ಫ್ಯಾಮಿಲಿ ಗ್ರೂಪ್‌ಗೆ ನಾವು ಮೊದಲು ಹಾಕಿದ ಎಚ್ಚರಿಕೆ ಹೀಗಿತ್ತು: ‘ಎಚ್ಚರ! ಯಾವುದೇ ಕಾರಣಕ್ಕೂ ಯಾರಿಗೂ ಓಟಿಪಿ ಹೇಳಬೇಡಿ. ಎಲ್ಲರಿಗೂ ಶೇರ್ ಮಾಡಿ.’ ಆರು ಜನ ಕೈ ಮುಗಿದ ಎಮೋಜಿ ಹಾಕಿದ್ರು, ಅಷ್ಟೇ. ಊರಿಗೆ ಹೋದಾಗ ಕೇಳಿದ್ರೆ ಅಜ್ಜ ಹೇಳಿದ್ದು, ‘ಓದ್ದೆ ಕಣೋ. ಆದ್ರೆ ಗ್ಯಾಸಿನವನಿಗೆ ನಂಬರ್ ಹೇಳ್ದೇ ಇದ್ರೆ ಸಿಲಿಂಡರ್ ಕೊಡ್ತಾನಾ?’

ಅಜ್ಜ ಹೇಳಿದ್ದು ಸರಿ. ಸಿಲಿಂಡರ್ ಬಂದಾಗ ಮೊಬೈಲಿಗೆ ಬಂದ ನಂಬರ್ ಹೇಳಲೇಬೇಕು. ಜೀವನ ಪ್ರಮಾಣ ಪತ್ರ ಮಾಡಿಸೋಕೆ ಸೇವಾ ಕೇಂದ್ರಕ್ಕೆ ಹೋದ್ರೂ ಅಲ್ಲಿ ಓಟಿಪಿ ಬರುತ್ತೆ, ಕಂಪ್ಯೂಟರ್ ಮುಂದೆ ಕೂತವರಿಗೆ ಹೇಳ್ತಾರೆ. ಅಂದ್ರೆ ನಮ್ಮ ಎಚ್ಚರಿಕೆ ಅವರ ದಿನನಿತ್ಯದ ಬದುಕಿನಲ್ಲಿ ಸುಳ್ಳಾಗಿತ್ತು. ಸುಳ್ಳು ಅಂತ ಒಮ್ಮೆ ಗೊತ್ತಾದ ಮಾತನ್ನ ಯಾರು ನೆನಪಿಟ್ಕೋತಾರೆ?

ಭದ್ರಾವತಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ನ್ಯೂಟೌನ್, ಪೇಪರ್ ಟೌನ್ ಕಡೆ ವಿಐಎಸ್‌ಎಲ್, ಎಂಪಿಎಂನಿಂದ ರಿಟೈರ್ ಆದವರು ಎಷ್ಟೋ ಜನ ಇದ್ದಾರೆ. ಪಿಂಚಣಿ ಬರ್ತಾ ಇರಬೇಕಂದ್ರೆ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಮೋಸಗಾರರು ಹಿಡಿಯೋದು ಇದನ್ನೇ. ‘ಪಿಂಚಣಿ ಆಫೀಸಿಂದ ಮಾತಾಡ್ತಿದ್ದೀವಿ. ನಿಮ್ಮ ಪತ್ರ ಅಪ್‌ಡೇಟ್ ಆಗಿಲ್ಲ, ಇವತ್ತೇ ಕೊನೇ ದಿನ’ ಅಂತಾರೆ. ಎಷ್ಟೋ ಸಲ ಪಿಪಿಒ ನಂಬರ್, ರಿಟೈರ್ ಆದ ದಿನಾಂಕ ಎಲ್ಲಾ ಸರಿಯಾಗೇ ಹೇಳ್ತಾರೆ. ಅಲ್ಲಿಗೆ ಅನುಮಾನ ಹೋಗುತ್ತೆ. ಆಮೇಲೆ ಓಟಿಪಿ ಕೇಳ್ತಾರೆ, ಅದು ಬಂದಿರೋದು ಬ್ಯಾಂಕಿಂದ. ಮೆಸೇಜಲ್ಲಿ ಯಾತಕ್ಕೆ ಅಂತ ಬರೆದಿರುತ್ತೆ, ಆದ್ರೆ ಇಂಗ್ಲಿಷಲ್ಲಿ. ಅಜ್ಜಿಗೆ ಕಾಣೋದು ಆ ಆರು ಅಂಕಿ ಮಾತ್ರ.

ಹಾಗಾಗಿ ಎರಡನೇ ಸಲ ಬರೆಯುವಾಗ ಮೊದಲು ಹುಡುಕಿದ್ದು ಅವರ ಭಯಕ್ಕೆ ಉತ್ತರ. ಇಪಿಎಫ್ ಪಿಂಚಣಿಯವರಿಗೆ ನವೆಂಬರ್ ಅನ್ನೋ ಗಡುವೇ ಇಲ್ಲ. ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ. ತಡವಾಗಿ ಪಿಂಚಣಿ ನಿಂತರೂ, ಪತ್ರ ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತೆ. ಇನ್ನೊಂದು, ಈ ಡಿಜಿಟಲ್ ಪತ್ರಕ್ಕೆ ಬೆರಳಚ್ಚು, ಕಣ್ಣು ಅಥವಾ ಮುಖದ ಗುರುತು ಬೇಕೇ ಬೇಕು. ಫೋನಲ್ಲಿ ಮಾತಾಡ್ತಾ ಇರೋನು ಅದನ್ನ ಮಾಡಿಕೊಡೋಕೆ ಸಾಧ್ಯವೇ ಇಲ್ಲ.

ಕೊನೆಗೆ ಗ್ರೂಪ್‌ಗೆ ಹೋದದ್ದು ಇದು:

‘ತಾತ, ಅಜ್ಜಿ, ದೊಡ್ಡಪ್ಪ, ಇದು ಫಾರ್ವರ್ಡ್ ಅಲ್ಲ, ನಾನೇ ಬರೆದದ್ದು. ಜೀವನ ಪ್ರಮಾಣ ಪತ್ರ ಅಂತ ಫೋನ್ ಬಂದ್ರೆ ಕಟ್ ಮಾಡಿ. ನಿಮ್ಮ ಪಿಪಿಒ ನಂಬರ್ ಸರಿಯಾಗಿ ಹೇಳಿದ್ರೂ ಅವನು ಕಳ್ಳನೇ. ಒಂದೆರಡು ದಿನ ತಡ ಆದ್ರೆ ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಗ್ಯಾಸಿನವನಿಗೆ, ಸೇವಾ ಕೇಂದ್ರದವರಿಗೆ ಎದುರಿಗೇ ನಂಬರ್ ಹೇಳಿ, ಪರವಾಗಿಲ್ಲ. ಫೋನಲ್ಲಿ ಕೇಳಿದವರಿಗೆ ಬೇಡ. ಹೇಳಿಬಿಟ್ಟಿದ್ರೆ ಬೈಯಲ್ಲ, ತಕ್ಷಣ 1930ಗೆ ಫೋನ್ ಮಾಡಿ, ಆಮೇಲೆ ನನಗೆ ಮಾಡಿ.’

‘ಬೈಯಲ್ಲ’ ಅನ್ನೋ ಪದ ಸುಮ್ನೆ ಹಾಕಿದ್ದಲ್ಲ. ದುಡ್ಡು ಕಳ್ಕೊಂಡವರು ಮಕ್ಕಳಿಗೆ ಹೆದರಿ ಮುಚ್ಚಿಡ್ತಾರೆ. 1930 ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದ್ರೆ ದುಡ್ಡು ಹೋದ ಖಾತೆಯಲ್ಲೇ ಅದನ್ನ ತಡೆಹಿಡಿಯೋ ಅವಕಾಶ ಇರುತ್ತೆ. ಖಾತೆಯಿಂದ ಖಾತೆಗೆ ದಾಟಿ, ಎಟಿಎಂನಲ್ಲಿ ಡ್ರಾ ಆದ್ಮೇಲೆ ಕಷ್ಟ.

ಇನ್ನೊಂದು ಮಾತು: ನೀವು ಇದನ್ನ ಫಾರ್ವರ್ಡ್ ಮಾಡಬೇಡಿ. ಫಾರ್ವರ್ಡ್ ಅನ್ನೋ ಗುರುತು ಬಿದ್ದ ತಕ್ಷಣ ಅದು ಬಿಸಿನೀರು ಕುಡಿದ್ರೆ ಎಲ್ಲಾ ಕಾಯಿಲೆ ವಾಸಿ ಅನ್ನೋ ಮೆಸೇಜಿನ ಸಾಲಿಗೆ ಸೇರುತ್ತೆ. ನಿಮ್ಮ ಮನೆಯವರನ್ನ ನೀವು ಕರೆಯೋ ಹಾಗೆ ಕರೆದು, ನೀವೇ ಟೈಪ್ ಮಾಡಿ. ಕಣ್ಣು ಸರಿ ಕಾಣದವರಿಗೆ ಅದನ್ನೇ ಓದಿ ವಾಯ್ಸ್ ಮೆಸೇಜ್ ಹಾಕಿ. ನಮ್ಮಲ್ಲಿ ಒಬ್ಬಳ ಅಜ್ಜಿ ವಾಯ್ಸ್ ಕೇಳಿದ ಮೇಲೆ ವಾಪಸ್ ಫೋನ್ ಮಾಡಿ, ಪಿಪಿಒ ನಂಬರ್ ಅಂದ್ರೆ ಪುಸ್ತಕದಲ್ಲಿರೋದೇನಾ ಅಂತ ಕೇಳಿದ್ರಂತೆ. ನಮಗೆ ಅದು ಆರು ಎಮೋಜಿಗಿಂತ ದೊಡ್ಡದು.

‘ಎದುರಿಗಿದ್ರೆ ಹೇಳಿ’ ಅನ್ನೋದರಲ್ಲೂ ಒಂದು ತೂತು ಇದೆ. ಆರ್ಡರ್ ಮಾಡದ ಪಾರ್ಸೆಲ್ ತಂದು, ‘ಕ್ಯಾನ್ಸಲ್ ಮಾಡೋಕೆ ಓಟಿಪಿ ಹೇಳಿ’ ಅನ್ನೋರೂ ಬಾಗಿಲಿಗೆ ಬರ್ತಾರೆ. ಅದನ್ನ ಇದೇ ಮೆಸೇಜಿಗೆ ತುರುಕಿಲ್ಲ. ಮುಂದಿನ ವಾರ ಬೇರೆ ಹಾಕ್ತೀವಿ.