ಬುಗುರಿಯ ವೀಡಿಯೊಗೆ ಏನು ಹೆಸರು?

ಶಾಲೆಯ ಮೀಡಿಯಾ ಕ್ಲಬ್ಬುಗಳಲ್ಲಿ ಎಡಿಟಿಂಗ್ ಬಲ್ಲ ಮಕ್ಕಳಿಗೆ ಬರವಿಲ್ಲ. ವೀಡಿಯೊವನ್ನು ಯೂಟ್ಯೂಬಿಗೆ ಏರಿಸುವ ಹೊತ್ತಿಗೆ ಮಾತ್ರ ಎಲ್ಲರಿಗೂ ಮನೆಗೆ ಹೋಗುವ ಅವಸರ. ಹೆಸರು ಬರೆಯದೆ ಬಿಟ್ಟರೆ ಯೂಟ್ಯೂಬ್ ಫೈಲಿನ ಹೆಸರನ್ನೇ ಶೀರ್ಷಿಕೆ ಮಾಡಿಕೊಳ್ಳುತ್ತದೆ. ಹೀಗೆ VID_20240815_091203 ಎಂಬ ಸಾಲಿನ ಹಿಂದೆ ಸ್ವಾತಂತ್ರ್ಯೋತ್ಸವದ ಒಳ್ಳೆಯ ನಾಟಕವೊಂದು ಅಡಗಿ ಕೂರುತ್ತದೆ.

ಇದನ್ನು ಸಹಪಾಠಿಗಳಿಗೆ ತಿಳಿಸಲು ಕ್ಲಬ್ಬಿನ ಹುಡುಗಿಯೊಬ್ಬಳು ಭಾಷಣಕ್ಕೆ ನಿಂತಳು ಎಂದುಕೊಳ್ಳಿ. ‘ಶೀರ್ಷಿಕೆಯ ಮಹತ್ವ’ ಎಂದು ಶುರು ಮಾಡಿದರೆ ಹಿಂದಿನ ಬೆಂಚು ಆಗಲೇ ಆಕಳಿಸುತ್ತದೆ. ಅದಕ್ಕಿಂತ ಒಂದೇ ವೀಡಿಯೊ ಪರದೆಗೆ ಹಾಕಿ, ಎಲ್ಲರ ಎದುರೇ ಅದಕ್ಕೆ ಹೆಸರಿಡುವುದು ಮೇಲು.

ಆ ವೀಡಿಯೊ ಚನ್ನಪಟ್ಟಣದ್ದು ಎನ್ನೋಣ. ಪ್ರವಾಸ ಹೋದ ಮಕ್ಕಳು ಮರದ ಬುಗುರಿ ಮಾಡುವುದನ್ನು ಆರು ನಿಮಿಷ ಚಿತ್ರಿಸಿಕೊಂಡು ಬಂದು, ‘ನಮ್ಮ ಶಾಲೆಯ ಶೈಕ್ಷಣಿಕ ಪ್ರವಾಸ ಭಾಗ 1’ ಎಂದು ಹೆಸರಿಟ್ಟಿದ್ದಾರೆ. ಭಾಷಣಕಾರ್ತಿ ಕೇಳಬೇಕಾದ್ದು ಇಷ್ಟೇ: “ಇದನ್ನು ಓದಿ ಒಳಗೆ ಏನಿದೆ ಹೇಳಿ ನೋಡೋಣ. ಪ್ರವಾಸಕ್ಕೆ ಬಂದಿದ್ದವರು ಬಾಯಿ ಬಿಡಬೇಡಿ!” ಯಾರೂ ಹೇಳಲಾರರು. ಆ ಹೆಸರು ಬಸ್ಸಿನಲ್ಲಿದ್ದವರಿಗಷ್ಟೇ ಅರ್ಥವಾಗುವಂಥದ್ದು.

ಮುಂದಿನ ಪ್ರಶ್ನೆ, ಇದನ್ನು ಹುಡುಕುವವರು ಏನೆಂದು ಟೈಪ್ ಮಾಡುತ್ತಾರೆ? ‘ಚನ್ನಪಟ್ಟಣ’, ‘ಮರದ ಬುಗುರಿ’, ‘ಅರಗಿನ ಬಣ್ಣ’. ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತ ಹೋದರೆ ಶೀರ್ಷಿಕೆ ತಾನಾಗಿ ಸಿಗುತ್ತದೆ: ‘ಚನ್ನಪಟ್ಟಣದಲ್ಲಿ ಮರದ ಬುಗುರಿಗೆ ಅರಗಿನ ಬಣ್ಣ ಹಚ್ಚುವುದು ಹೀಗೆ’. ಶಾಲೆಯ ಹೆಸರು ಬೇಕೇ ಬೇಕೆಂದರೆ ಕೊನೆಗೆ ಇರಲಿ. ಮೊಬೈಲಿನಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ, ಹಾಗಾಗಿ ಮುಖ್ಯ ಮಾತು ಮೊದಲೇ ಬರಬೇಕು.

ಶೀರ್ಷಿಕೆಗೆ ಯೂಟ್ಯೂಬ್ ಕೊಡುವುದು 100 ಅಕ್ಷರ. ಕನ್ನಡದವರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಒತ್ತಕ್ಷರ ತರುವ ವಿರಾಮ, ಸೊನ್ನೆ ಎಲ್ಲವೂ ಬೇರೆ ಬೇರೆ. ನಮ್ಮ ಕಣ್ಣಿಗೆ ಮೂರೇ ಅಕ್ಷರವಾದ ‘ಸ್ವಾತಂತ್ರ್ಯ’ ಅದಕ್ಕೆ 11. ಮೇಲಿನ ಬುಗುರಿ ಶೀರ್ಷಿಕೆ ಖಾಲಿ ಜಾಗವೂ ಸೇರಿ 53 ಆಗುತ್ತದೆ.

ಇನ್ನು ವಿವರಣೆ. ಅದು ಎಷ್ಟೇ ಉದ್ದವಿದ್ದರೂ ನೋಡುವವರಿಗೆ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು. ಉಳಿದದ್ದನ್ನು ಒತ್ತಿ ತೆರೆಯಬೇಕು. ಬಹಳಷ್ಟು ಶಾಲೆಗಳು ಆ ಜಾಗವನ್ನು ಮುಖ್ಯ ಶಿಕ್ಷಕರಿಗೆ ಧನ್ಯವಾದ ಹೇಳುವುದರಲ್ಲೇ ಮುಗಿಸುತ್ತವೆ. ಧನ್ಯವಾದ ಕೆಳಗಿರಲಿ, ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮೇಲೆ ಹೀಗೆ ಬರೆಯಬಹುದು: ‘ಲೇತಿನ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕುಶಲಕರ್ಮಿಯೊಬ್ಬರು ಬುಗುರಿ ಮಾಡಿ ತೋರಿಸಿದ್ದಾರೆ.’ ಅದರ ಕೆಳಗೆ ಯಾವ ಹೊತ್ತಿಗೆ ಏನಿದೆ ಎಂಬ ಪಟ್ಟಿ:

```
0:00 ಮರದ ತುಂಡು
1:10 ಲೇತಿನಲ್ಲಿ ಕಡೆಯುವುದು
2:40 ಅರಗಿನ ಬಣ್ಣ
4:30 ಗರಿಯಿಂದ ಹೊಳಪು
5:20 ಬುಗುರಿ ಆಡಿಸುವುದು
```

ಇದರಿಂದ ವೀಡಿಯೊದ ಅಡಿಯ ಗೆರೆ ಅಧ್ಯಾಯಗಳಾಗಿ ಒಡೆಯುತ್ತದೆ. ಬಣ್ಣ ಹಚ್ಚುವುದನ್ನಷ್ಟೇ ನೋಡಬೇಕಾದವರು ನೇರವಾಗಿ ಅಲ್ಲಿಗೇ ಹೋಗಬಹುದು. ಪಟ್ಟಿ 0:00ಯಿಂದಲೇ ಶುರುವಾಗಬೇಕು, ಸಮಯಗಳು ಕ್ರಮವಾಗಿ ಏರುತ್ತ ಕನಿಷ್ಠ ಮೂರಿರಬೇಕು, ಪ್ರತಿ ಭಾಗವೂ 10 ಸೆಕೆಂಡಿಗಿಂತ ಕಡಿಮೆಯಾಗಬಾರದು. ಗೆರೆ ಒಡೆಯದಿದ್ದರೆ 0:00 ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ.

ಟ್ಯಾಗುಗಳ ಮೇಲೆ ಮಕ್ಕಳಿಗೆ ವಿಪರೀತ ನಂಬಿಕೆ. ಅವುಗಳಿಂದ ಉಪಯೋಗ ಕಡಿಮೆ, ಜನ ತಪ್ಪಾಗಿ ಬರೆಯುವ ಪದಗಳಿಗಷ್ಟೇ ಅವು ಸ್ವಲ್ಪ ನೆರವಾಗುತ್ತವೆ ಎಂದು ಯೂಟ್ಯೂಬೇ ಹೇಳಿದೆ. ‘ಚೆನ್ನಪಟ್ಟಣ’ ಎಂದು ಅಲ್ಲಿ ಹಾಕಿಡಬಹುದು. ಹ್ಯಾಷ್‌ಟ್ಯಾಗ್ ಎರಡು ಮೂರು ಸಾಕು. 60 ದಾಟಿದರೆ ಎಲ್ಲವನ್ನೂ ಕಡೆಗಣಿಸಲಾಗುತ್ತದೆ.

ವಿವರಣೆಯಲ್ಲಿ ಬರೆಯಬಾರದ ಸಂಗತಿಯೂ ಒಂದಿದೆ. ವೀಡಿಯೊದಲ್ಲಿರುವ ಮಕ್ಕಳ ಪೂರ್ತಿ ಹೆಸರು, ತರಗತಿ, ವಿಭಾಗ, ಬಸ್ಸು ಹತ್ತುವ ಜಾಗ ಬೇಡ. ಮುಖ ಹೇಗೂ ಕಾಣುತ್ತಿದೆ. ಅದರ ಜೊತೆ ವಿಳಾಸವನ್ನೂ ಸೇರಿಸಿದರೆ ಯಾರು ಬೇಕಾದರೂ ಆ ಮಗುವನ್ನು ಹುಡುಕಿಕೊಂಡು ಬರಬಹುದು. ‘ಮೀಡಿಯಾ ಕ್ಲಬ್ ತಂಡ’ ಎಂದರೆ ಸಾಕು.

‘ನೀವು ನಂಬಲಾರಿರಿ!’ ಎಂಬಂಥ ಶೀರ್ಷಿಕೆ ಇಡೋಣ ಎಂದು ಒಬ್ಬನಾದರೂ ಕೈ ಎತ್ತಿಯೇ ಎತ್ತುತ್ತಾನೆ. ಅವನಿಗೆ ಯೂಟ್ಯೂಬ್ ಸ್ಟುಡಿಯೋದ ಗ್ರಾಫ್ ತೋರಿಸಬೇಕು. ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂಬುದು ಅಲ್ಲಿ ಗೆರೆಯಾಗಿ ಕಾಣುತ್ತದೆ. ಶೀರ್ಷಿಕೆ ನೋಡಿ ಬಂದವರಿಗೆ ಹೇಳಿದ್ದು ಸಿಗದಿದ್ದರೆ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಧೊಪ್ಪನೆ ಬೀಳುತ್ತದೆ. ಯೂಟ್ಯೂಬಿನ ಹುಡುಕಾಟದಿಂದ ಬಂದವರು ಯಾವ ಪದ ಟೈಪ್ ಮಾಡಿದ್ದರು ಎಂಬುದೂ ಅಲ್ಲೇ ಸಿಗುತ್ತದೆ. ಜನ ‘ಬುಗುರಿ’ ಬಿಟ್ಟು ‘ಚನ್ನಪಟ್ಟಣ ಗೊಂಬೆ’ ಎಂದೇ ಹುಡುಕಿ ಬರುತ್ತಿದ್ದರೆ ಆ ಪದವನ್ನು ಶೀರ್ಷಿಕೆಗೋ ವಿವರಣೆಗೋ ಸೇರಿಸಬಹುದು. ಹೆಸರು ಬದಲಿಸಿದರೂ ವೀಡಿಯೊದ ಲಿಂಕ್ ಬದಲಾಗುವುದಿಲ್ಲ, ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿದ್ದು ಮುಂಚಿನಂತೆಯೇ ತೆರೆಯುತ್ತದೆ.