ಇಳಿಜಾರಿನಲ್ಲಿ ತಪ್ಪುವ ಲೆಕ್ಕ

ವಿದ್ಯುತ್ ಕಾರು ಘಾಟಿ ಇಳಿಯುವಾಗ ಅದರ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಮರಳಿ ತುಂಬುತ್ತದೆ. ಹತ್ತುವ ರಸ್ತೆಗೆ ಐದು ಯೂನಿಟ್ ಖರ್ಚು ಎಂದು ಬರೆದರೆ ಇಳಿಯುವ ರಸ್ತೆಗೆ ಮೈನಸ್ ನಾಲ್ಕು ಎಂದು ಬರೆಯಬೇಕಾಗುತ್ತದೆ. ಅತಿ ಕಡಿಮೆ ಚಾರ್ಜ್ ಖರ್ಚಾಗುವ ದಾರಿಯನ್ನು ಹುಡುಕುವ ಪ್ರೋಗ್ರಾಮಿಗೆ ಈ ಮೈನಸ್ ಗುರುತೇ ತೊಡಕು. ದಾರಿ ಹುಡುಕಲು ಎಲ್ಲರೂ ಮೊದಲು ಕಲಿಯುವ ವಿಧಾನ ಋಣ ಸಂಖ್ಯೆಗಳ ಮುಂದೆ ಸೋಲುತ್ತದೆ, ಸೋತದ್ದನ್ನು ಹೇಳುವುದೂ ಇಲ್ಲ. ಪ್ರೋಗ್ರಾಮು ನಿಲ್ಲುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ. ನಂಬುವಂತಹ ಒಂದು ಸಂಖ್ಯೆಯನ್ನು ಕೊಟ್ಟು ಮುಗಿಸುತ್ತದೆ.

ಆ ವಿಧಾನವನ್ನು ರೂಪಿಸಿದವರು ನೆದರ್ಲೆಂಡ್ಸಿನ ಎಡ್ಸ್‌ಖರ್ ಡೈಕ್‌ಸ್ಟ್ರ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಅರ್ಮಾಕ್ ಎಂಬ ಹೊಸ ಕಂಪ್ಯೂಟರಿನ ಶಕ್ತಿಯನ್ನು ಜನರಿಗೆ ತೋರಿಸಲು ಅವರು ಆರಿಸಿಕೊಂಡದ್ದು 64 ಡಚ್ ಊರುಗಳ ನಡುವೆ ಹತ್ತಿರದ ದಾರಿ ಹುಡುಕುವ ಲೆಕ್ಕ. 1959ರಲ್ಲಿ ಅದು ಪ್ರಕಟವಾಯಿತು. ಅಲ್ಲಿದ್ದವು ರಸ್ತೆಯ ಉದ್ದಗಳು. ಉದ್ದ ಎಂದೂ ಸೊನ್ನೆಗಿಂತ ಕಡಿಮೆ ಇರುವುದಿಲ್ಲ. ವಿಧಾನದ ಬಲವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಅದರ ಹೆಜ್ಜೆಗಳು ಸರಳ. ಹೊರಟ ಊರಿನಿಂದ ತಲುಪಬಹುದಾದ ಜಾಗಗಳಲ್ಲಿ ಸದ್ಯಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದನ್ನು ಎತ್ತಿಕೊಂಡು, ಅದರ ದೂರ ಇಷ್ಟೇ ಎಂದು ಖಾಯಂ ಮಾಡಬೇಕು. ಅಲ್ಲಿಂದ ಹೊರಡುವ ರಸ್ತೆಗಳನ್ನು ನೋಡಿ ಪಕ್ಕದ ಜಾಗಗಳ ದೂರ ಕಡಿಮೆಯಾಗುವುದಾದರೆ ತಿದ್ದಬೇಕು. ಮತ್ತೆ ಉಳಿದವುಗಳಲ್ಲಿ ಹತ್ತಿರದ್ದನ್ನು ಎತ್ತಿಕೊಳ್ಳಬೇಕು. ಒಮ್ಮೆ ಖಾಯಂ ಆದದ್ದನ್ನು ಮತ್ತೆ ಮುಟ್ಟುವುದಿಲ್ಲ. ಈ ಕ್ಷಣಕ್ಕೆ ಒಳ್ಳೆಯದೆಂದು ಕಂಡದ್ದನ್ನು ಹಿಡಿದು ಮರಳಿ ನೋಡದ ಇಂಥ ಕ್ರಮಕ್ಕೆ ಗ್ರೀಡಿ ವಿಧಾನ ಎನ್ನುತ್ತಾರೆ. ಇಲ್ಲಿ ಹಾಗೆ ಮಾಡುವುದಕ್ಕೆ ಕಾರಣವಿದೆ: ಆ ಜಾಗಕ್ಕೆ ಬೇರೆ ದಾರಿ ಇದ್ದರೆ ಅದು ಇನ್ನೂ ಖಾಯಂ ಆಗದ ಯಾವುದೋ ಜಾಗದ ಮೂಲಕವೇ ಬರಬೇಕು. ಆ ಜಾಗ ಈಗಾಗಲೇ ಇದಕ್ಕಿಂತ ದೂರದಲ್ಲಿದೆ ಅಥವಾ ಇಷ್ಟೇ ದೂರದಲ್ಲಿದೆ. ಮುಂದೆ ನಡೆದಷ್ಟೂ ದೂರ ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ. ಋಣ ಸಂಖ್ಯೆ ಬಂದ ಕೂಡಲೇ ಈ ಕೊನೆಯ ವಾಕ್ಯ ಸುಳ್ಳಾಗುತ್ತದೆ.

ನಾಲ್ಕು ಜಾಗಗಳನ್ನು ಇಟ್ಟುಕೊಂಡು ನೋಡೋಣ: ಊರು, ಕೆರೆ, ಗುಡ್ಡ, ಸಂತೆ. ಊರಿನಿಂದ ಕೆರೆಗೆ ಗುಡ್ಡವನ್ನು ಸುತ್ತಿ ಬರುವ ಸಮತಟ್ಟಾದ ರಸ್ತೆಗೆ 2 ಯೂನಿಟ್. ಊರಿನಿಂದ ಗುಡ್ಡ ಹತ್ತಲು 5. ಗುಡ್ಡದಿಂದ ಕೆರೆಗೆ ಇಳಿದರೆ −4. ಕೆರೆಯಿಂದ ಸಂತೆಗೆ 1. ಗುಡ್ಡದ ಮೇಲಿಂದ ಹೋದರೆ ಕೆರೆಗೆ 5−4, ಅಂದರೆ 1 ಯೂನಿಟ್ ಸಾಕು, ಸಂತೆಗೆ 2. ಇದು ಸರಿಯಾದ ಉತ್ತರ.

ಗ್ರೀಡಿ ವಿಧಾನ ಏನು ಮಾಡುತ್ತದೆ? ಮೊದಲು ಕೆರೆಗೆ 2, ಗುಡ್ಡಕ್ಕೆ 5 ಎಂದು ಬರೆದುಕೊಳ್ಳುತ್ತದೆ. ಕೆರೆ ಹತ್ತಿರವಿರುವುದರಿಂದ ಅದನ್ನು 2ಕ್ಕೆ ಖಾಯಂ ಮಾಡುತ್ತದೆ. ಕೆರೆಯಿಂದ ಸಂತೆಗೆ 3 ಎಂದು ಬರೆದು, ಅದನ್ನೂ ಖಾಯಂ ಮಾಡುತ್ತದೆ. ಕೊನೆಗೆ ಗುಡ್ಡದ ಸರದಿ. ಅಲ್ಲಿಂದ ಕೆರೆಗೆ 1ರಲ್ಲೇ ಇಳಿಯಬಹುದೆಂದು ಕಾಣುವ ಹೊತ್ತಿಗೆ ಕೆರೆಯ ಲೆಕ್ಕ ಮುಗಿದುಹೋಗಿದೆ. ಉತ್ತರ: ಕೆರೆ 2, ಸಂತೆ 3. ಎರಡೂ ತಪ್ಪು.

ಬರೆದ ಕೋಡಿನಲ್ಲಿ ಒಂದು ಸಾಲು ಬದಲಾದರೆ ತಪ್ಪಿನ ರೂಪವೂ ಬದಲಾಗುತ್ತದೆ. ಒಳಗಿನ ಲೂಪು ಸಾಮಾನ್ಯವಾಗಿ ಹೀಗಿರುತ್ತದೆ:

```python
d, u = heapq.heappop(pq)
if u in done:
    continue
done.add(u)
for v, w in g[u]:
    if v not in done and d + w < dist[v]:
        dist[v] = d + w
        heapq.heappush(pq, (dist[v], v))
```

ಇದರಲ್ಲಿ `v not in done` ಎಂಬ ಭಾಗವನ್ನು ಬಿಟ್ಟವರೂ ಇರುತ್ತಾರೆ. ಆಗ ಗುಡ್ಡದ ಸರದಿ ಬಂದಾಗ ಕೆರೆಯ ದೂರ 1 ಎಂದು ತಿದ್ದುಪಡಿಯಾಗುತ್ತದೆ. ಆದರೆ ಕೆರೆ ಮತ್ತೆ ಸಾಲಿನ ಮುಂದೆ ಬಂದಾಗ `done`ನಲ್ಲಿ ಇರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸ ಸುದ್ದಿ ಸಂತೆಯವರೆಗೆ ತಲುಪುವುದೇ ಇಲ್ಲ. ಉತ್ತರ: ಕೆರೆ 1, ಸಂತೆ 3. ಅರ್ಧ ಸರಿ, ಅರ್ಧ ತಪ್ಪು. ಕೆರೆಯನ್ನು ಮಾತ್ರ ಪರೀಕ್ಷಿಸಿದವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. `done` ಅನ್ನೇ ತೆಗೆದು, ದೂರ ಕಡಿಮೆಯಾದಾಗಲೆಲ್ಲ ಆ ಜಾಗವನ್ನು ಮತ್ತೆ ಪರಿಶೀಲಿಸುವಂತೆ ಬರೆದರೆ ನಮ್ಮ ನಕ್ಷೆಗೆ ಸರಿಯಾದ ಉತ್ತರವೇ ಬರುತ್ತದೆ. ಆದರೆ ವೇಗದ ಭರವಸೆ ಹೋಗುತ್ತದೆ: ಕೆಲವು ನಕ್ಷೆಗಳಲ್ಲಿ ಜಾಗಗಳು ಹೆಚ್ಚಿದಂತೆ ಕೆಲಸ ಇಮ್ಮಡಿ, ನಾಲ್ಮಡಿ ಎಂದು ಬೆಳೆಯುತ್ತಾ ಹೋಗುತ್ತದೆ.

ಈ ತಪ್ಪು ಬಹುಕಾಲ ಅಡಗಿರಲು ಇನ್ನೊಂದು ಕಾರಣವಿದೆ. ಋಣ ಸಂಖ್ಯೆ ಇದ್ದ ಮಾತ್ರಕ್ಕೆ ಪ್ರತಿ ಬಾರಿಯೂ ಉತ್ತರ ಕೆಡುವುದಿಲ್ಲ. ಕೆರೆಗೆ ಹೋಗುವ ಸಮತಟ್ಟು ರಸ್ತೆಗೆ 2ರ ಬದಲು 6 ಯೂನಿಟ್ ಎಂದಿಟ್ಟುಕೊಳ್ಳಿ. ಆಗ 5ರ ಗುಡ್ಡವೇ ಮೊದಲು ಖಾಯಂ ಆಗುತ್ತದೆ, ಕೆರೆಗೆ 1, ಸಂತೆಗೆ 2 ಎಂದು ಸರಿಯಾಗಿ ಬರುತ್ತದೆ. ಇಂಥ ಉದಾಹರಣೆಗಳಲ್ಲಿ ಮಾತ್ರ ಪರೀಕ್ಷಿಸಿದ ಪ್ರೋಗ್ರಾಮು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುತ್ತದೆ.

ಇದಕ್ಕೆ ಹಲವರಿಗೆ ಮೊದಲು ಹೊಳೆಯುವ ಪರಿಹಾರ, ಎಲ್ಲ ರಸ್ತೆಗಳಿಗೂ 4 ಕೂಡಿಸಿ ಋಣ ಸಂಖ್ಯೆಯನ್ನು ಅಳಿಸಿಬಿಡುವುದು. ಹಾಗೆ ಮಾಡಿದರೆ ಕೆರೆಗೆ ನೇರ ದಾರಿ 6 ಆಗುತ್ತದೆ, ಗುಡ್ಡದ ದಾರಿ 9 ಮತ್ತು 0 ಸೇರಿ 9 ಆಗುತ್ತದೆ. ಪ್ರೋಗ್ರಾಮು ಮತ್ತೆ ನೇರ ದಾರಿಯನ್ನೇ ಆರಿಸುತ್ತದೆ. ಒಂದು ರಸ್ತೆಯ ದಾರಿಗೆ ಒಮ್ಮೆ, ಎರಡು ರಸ್ತೆಗಳ ದಾರಿಗೆ ಎರಡು ಸಲ ದಂಡ ಬಿದ್ದದ್ದರಿಂದ ಹೋಲಿಕೆಯೇ ಕೆಟ್ಟಿತು.

ಸರಿಯಾದ ತಿದ್ದುಪಡಿಯನ್ನು ಘಾಟಿಯ ಎತ್ತರವೇ ಹೇಳಿಕೊಡುತ್ತದೆ. ಗುಡ್ಡ ಹತ್ತುವಾಗ ಖರ್ಚಾದ 5 ಯೂನಿಟ್ಟಿನಲ್ಲಿ ಬಹುಪಾಲು ವ್ಯರ್ಥವಾಗಿಲ್ಲ, ಎತ್ತರದ ರೂಪದಲ್ಲಿ ಕಾರಿನಲ್ಲೇ ಉಳಿದಿದೆ. ಗುಡ್ಡದ ಎತ್ತರದ ಬೆಲೆ 4.5 ಯೂನಿಟ್, ಉಳಿದ ಮೂರು ಜಾಗಗಳದ್ದು ಸೊನ್ನೆ ಎನ್ನೋಣ. ಪ್ರತಿ ರಸ್ತೆಗೂ ಹೊರಡುವ ಜಾಗದ ಎತ್ತರವನ್ನು ಕೂಡಿಸಿ, ತಲುಪುವ ಜಾಗದ ಎತ್ತರವನ್ನು ಕಳೆಯಬೇಕು. ಹತ್ತುವ ರಸ್ತೆ 5−4.5, ಅಂದರೆ 0.5. ಇಳಿಯುವ ರಸ್ತೆ −4+4.5, ಅದೂ 0.5. ಉಳಿದವು ಹಾಗೆಯೇ 2 ಮತ್ತು 1. ಋಣ ಸಂಖ್ಯೆ ಎಲ್ಲೂ ಉಳಿಯಲಿಲ್ಲ. ಈಗ ಡೈಕ್‌ಸ್ಟ್ರರ ವಿಧಾನ ಕೆರೆಗೆ 1, ಸಂತೆಗೆ 2 ಎಂದು ಸರಿಯಾಗಿ ಹೇಳುತ್ತದೆ. ದಾರಿಯ ನಡುವೆ ಬರುವ ಜಾಗಗಳ ಎತ್ತರ ಒಮ್ಮೆ ಕೂಡಿ ಒಮ್ಮೆ ಕಳೆದು ಅಳಿದುಹೋಗುವುದರಿಂದ, ಅದೇ ಎರಡು ಜಾಗಗಳ ನಡುವಿನ ಎಲ್ಲ ದಾರಿಗಳೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಯಾವುದು ಕಡಿಮೆ ಎಂಬುದು ಬದಲಾಗುವುದಿಲ್ಲ. ಡೊನಾಲ್ಡ್ ಜಾನ್ಸನ್ 1977ರಲ್ಲಿ ಯಾವ ನಕ್ಷೆಗಾದರೂ ಹೊಂದುವಂತೆ ಪ್ರಕಟಿಸಿದ ಉಪಾಯ ಇದೇ.

ಎತ್ತರದಂಥ ಸಿದ್ಧ ಸಂಖ್ಯೆ ಸಿಗದಿದ್ದರೆ 1950ರ ದಶಕದ ಬೆಲ್‌ಮನ್-ಫೋರ್ಡ್ ವಿಧಾನ ಇದೆ. ಅದು ಏನನ್ನೂ ಅವಸರದಲ್ಲಿ ಖಾಯಂ ಮಾಡುವುದಿಲ್ಲ. ಎಲ್ಲ ರಸ್ತೆಗಳನ್ನೂ ಸುತ್ತು ಸುತ್ತಾಗಿ ನೋಡುತ್ತದೆ. ನಾಲ್ಕು ಜಾಗಗಳಿದ್ದರೆ ಮೂರು ಸುತ್ತು ಸಾಕು. ನಾಲ್ಕನೆಯ ಸುತ್ತಿನಲ್ಲೂ ದೂರ ಕಡಿಮೆಯಾದರೆ, ಸುತ್ತಿ ಬಂದಷ್ಟೂ ಖರ್ಚು ಇಳಿಯುವ ಚಕ್ರವೊಂದು ನಕ್ಷೆಯಲ್ಲಿದೆ ಎಂದರ್ಥ. ಅಂಥ ಚಕ್ರ ಇದ್ದರೆ ಕಡಿಮೆ ಖರ್ಚಿನ ದಾರಿ ಎಂಬುದೇ ಇರುವುದಿಲ್ಲ. ವಿದ್ಯುತ್ ಕಾರಿನ ಲೆಕ್ಕದಲ್ಲಿ ಹೀಗಾದರೆ ಅಳತೆಗಳೇ ತಪ್ಪು. ಸುತ್ತಾಡಿ ಬ್ಯಾಟರಿ ತುಂಬಿಸಿಕೊಳ್ಳುವ ಕಾರು ಇಲ್ಲ. ನಿಧಾನವೇ ಈ ವಿಧಾನದ ಬೆಲೆ: ಜಾಗಗಳ ಸಂಖ್ಯೆಯನ್ನು ರಸ್ತೆಗಳ ಸಂಖ್ಯೆಯಿಂದ ಗುಣಿಸಿದಷ್ಟು ಕೆಲಸ.

ಯಾವ ವಿಧಾನವನ್ನೇ ಬಳಸಿದರೂ ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಸುಲಭ. ಲೆಕ್ಕ ಮುಗಿದ ಮೇಲೆ ಪ್ರತಿ ರಸ್ತೆಯನ್ನೂ ಒಂದೇ ಒಂದು ಸಲ ನೋಡಿದರೆ ಸಾಕು:

```python
for u in g:
    for v, w in g[u]:
        if dist[u] + w < dist[v]:
            raise ValueError((u, v))
```

ನಮ್ಮ ಮೊದಲ ತಪ್ಪು ಉತ್ತರದಲ್ಲಿ ಗುಡ್ಡದ 5ಕ್ಕೆ −4 ಸೇರಿಸಿದರೆ 1, ಬರೆದಿರುವುದು 2. ಸಿಕ್ಕಿಬಿತ್ತು. ಎರಡನೆಯದರಲ್ಲಿ ಕೆರೆಯ 1ಕ್ಕೆ 1 ಸೇರಿಸಿದರೆ 2, ಸಂತೆಗೆ ಬರೆದಿರುವುದು 3. ಅದೂ ಸಿಕ್ಕಿಬಿತ್ತು. ಬರೆದ ಪ್ರತಿಯೊಂದು ದೂರವೂ ನಿಜವಾದ ಒಂದು ದಾರಿಯಿಂದ ಬಂದಿದ್ದು, ಯಾವ ರಸ್ತೆಯೂ ಈ ಪರೀಕ್ಷೆಯಲ್ಲಿ ತಕರಾರು ತೆಗೆಯದಿದ್ದರೆ ಉತ್ತರ ಸರಿಯೆಂದು ಗಣಿತವೇ ಖಾತರಿ ಕೊಡುತ್ತದೆ. ಋಣ ಸಂಖ್ಯೆ ನುಸುಳಬಹುದಾದ ಪ್ರತಿ ಪ್ರೋಗ್ರಾಮಿನ ಕೊನೆಗೂ ಈ ನಾಲ್ಕು ಸಾಲುಗಳು ಇರಬೇಕು.